ನಾವಿಬ್ಬರಪ್ಪ

ನಮ್ಮ ಆಫೀಸಿನ ಈ ಮಹಾಶಯರಿಗೆ ಅಪ್ಪ-ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ಯಾವ ಟಿಕೆಟ್ ಬಗ್ಗೆ ಕೇಳಿದರೂ "ನಾವಿಬ್ರೂ ನೋಡ್ತಾ ಇದೀವಿ" ಅನ್ನುವುದರಿಂದ ನಾವಿಬ್ಬರಪ್ಪ ಎಂದೇ ಪ್ರಸಿದ್ಧರು. ಆ ಇನ್ನೊಬ್ಬರು ಯಾರು ಅನ್ನುವುದು ಆಯಾ ದಿನ ಪಕ್ಕದಲ್ಲಿ ಕೂತವರ ಹಣೆಬರಹ. ಮಹಾಲಕ್ಷ್ಮಿ ಲೇಔಟ್‌ನಲ್ಲಿ ಅವರದು ನಮ್ಮ ಮೇಲಿನ ಮನೆ, ಮೆಟ್ರೋದಲ್ಲೂ ಜೊತೆ. ತಪ್ಪಿಸಿಕೊಳ್ಳುವ ದಾರಿಯಿಲ್ಲ. ಮನುಷ್ಯ ಮಾತ್ರ ಬಂಗಾರ. ಶನಿವಾರ ವೀರಾಂಜನೇಯನ ಗುಡ್ಡ ಹತ್ತಿ ಬಂದರೆ ಸೋಮವಾರ ಟೀಮಿಗೆಲ್ಲ ವಡೆ ಪ್ರಸಾದ. ಅಷ್ಟರಲ್ಲಿ ಅದು ಕಲ್ಲಾಗಿರುತ್ತದೆ, ಅದು ಬೇರೆ ಮಾತು.

ಒಮ್ಮೆ ಗ್ರಾಹಕರೊಬ್ಬರ ಹಣ ಎರಡು ಸಲ ಕಡಿತವಾಗುವ ಟಿಕೆಟ್ ಬಂತು. ನಾವಿಬ್ಬರಪ್ಪನವರೂ ಹೊಸ ಹುಡುಗಿಯೂ ಒಂದೇ ಪರದೆ ಮುಂದೆ ಕೂತು, ಕೀಬೋರ್ಡ್ ಅದಲುಬದಲು ಮಾಡುತ್ತಾ, ಬಟನ್ ಎರಡು ಸಲ ಒತ್ತಿದರೆ ಎರಡನೆಯ ಪಾವತಿ ನಿಲ್ಲುವಂತೆ ಮಾಡಿದರು. ಶುಕ್ರವಾರ ಸಂಜೆಗೆ ಕೋಡ್ ಮರ್ಜ್ ಕೂಡ ಆಯಿತು. ಪ್ರೊಡಕ್ಷನ್‌ಗೆ ಬಿಡುವುದೊಂದೇ ಬಾಕಿ. "ಅವಳು ಬಿಟ್ಟಿರ್ತಾಳೆ" ಅಂದುಕೊಂಡು ಇವರು ಹೊರಟರು, "ಸರ್ ಬಿಟ್ಟಿರ್ತಾರೆ" ಅಂದುಕೊಂಡು ಅವಳು.

ಸೋಮವಾರ ಗ್ರಾಹಕರ ಬೈಗುಳ ಕೇಳಿದ್ದು ಇಬ್ಬರೂ ಅಲ್ಲ, ನಾನು. ಜಿರಾ ತೆರೆದರೆ `Assignee` ಎದುರಿಗೆ `Unassigned`. ಆ ಜಾಗದಲ್ಲಿ ಒಂದೇ ಹೆಸರು ಹಿಡಿಸುತ್ತದೆ. ಒಬ್ಬರದೇ ಹೆಸರು ಹಾಕುವುದು ಅನ್ಯಾಯವೆಂದು ನಾವಿಬ್ಬರಪ್ಪ ತಮ್ಮ ಹೆಸರನ್ನೇ ತೆಗೆದಿದ್ದರು! ಕೊನೆಯ ಕಾಮೆಂಟ್ "ನೋಡ್ತಾ ಇದೀವಿ". ಯಾರು, ಯಾವತ್ತಿಗೆ, ಏನೂ ಇಲ್ಲ. ಇಂಥ ಕಾಮೆಂಟ್ ಕಂಡರೆ ಟಿಕೆಟ್‌ಗೆ ದಿಕ್ಕಿಲ್ಲವೆಂದೇ ತಿಳಿಯಬೇಕು.

ಆಮೇಲೆ ನಾನು ಉಪನ್ಯಾಸಕ್ಕೆ ಇಳಿದೆ (ಇದು ನನ್ನ ರೋಗ). ಕೀಬೋರ್ಡ್ ಎಷ್ಟು ಸಲ ಬೇಕಾದರೂ ಕೈ ಬದಲಿಸಲಿ, `Assignee` ಬದಲಾಗಬಾರದು. ಎಲ್ಲ ಕೆಲಸ ಆ ಹೆಸರಿನವರೇ ಮಾಡಬೇಕೆಂದಲ್ಲ. ಪ್ರೊಡಕ್ಷನ್‌ಗೆ ಹೋಯಿತೇ, ಗ್ರಾಹಕರಿಗೆ ತಿಳಿಸಿದ್ದಾಯಿತೇ ಎಂದು ಕೊನೆಯವರೆಗೆ ಕೇಳುವವರು ಅವರು. ಜೊತೆಗಾರರಿಗೆ ಬೇರೆಯದೇ ಒಂದು ಫೀಲ್ಡ್ ಮಾಡಿ ಹೆಸರು ಹಾಕಿ. ರಜೆ ಹೋಗುವುದಾದರೆ, ಇನ್ನೊಬ್ಬರು "ಸರಿ, ನಂದು" ಅಂದ ಮೇಲೆ ಹೆಸರು ಬದಲಿಸಿ. ಕೆಲಸ ನಿಜಕ್ಕೂ ಎರಡು ಭಾಗವಾದರೆ ಎರಡು ಸಬ್‌ಟಾಸ್ಕ್, ಒಂದೊಂದಕ್ಕೆ ಒಬ್ಬೊಬ್ಬರು.

ಅವರು ತಲೆಯಾಡಿಸಿ ಕೇಳಿದ್ದು ಒಂದೇ: "ಹಾಗಾದ್ರೆ ಆ ಹುಡುಗಿ ಪಟ್ಟ ಕಷ್ಟ ಎಲ್ಲಿ ಕಾಣುತ್ತೆ ಸಾರ್?"

ಅದಕ್ಕೂ ಜಾಗವಿದೆ. ಗಿಟ್ ಕಮಿಟ್ ಸಂದೇಶದ ಕೊನೆಗೆ ಒಂದು ಸಾಲು ಬಿಟ್ಟು ಹೀಗೆ ಬರೆದರೆ, ಗಿಟ್‌ಹಬ್ ಇಬ್ಬರನ್ನೂ ತೋರಿಸುತ್ತದೆ:

```
Co-authored-by: Name <name@example.com>
```

ಆಗ ಹೊಳೆಯಿತು. ಈ ಪುಣ್ಯಾತ್ಮ ಜವಾಬ್ದಾರಿಗೆ ಹೆದರಿದವರಲ್ಲ, ಹೊಗಳಿಕೆಯನ್ನು ಒಬ್ಬರೇ ನುಂಗಲು ಹೇಸಿದವರು. ನಾನು ಕಂಡ ಎಷ್ಟೋ ಮ್ಯಾನೇಜರುಗಳಿಗೆ ಆ ಹೇಸಿಕೆ ಇದ್ದಿದ್ದರೆ! ಶಹಭಾಸ್‌ಗಿರಿಯನ್ನು ಎಷ್ಟು ಜನಕ್ಕಾದರೂ ಹಂಚಬಹುದು; ಸೋಮವಾರದ ಫೋನ್ ಎತ್ತಲು ಮಾತ್ರ ಒಬ್ಬರೇ ಇರಬೇಕು.

ಈಗ ಅವರ ಟಿಕೆಟ್‌ಗಳಲ್ಲಿ ಹೆಸರೂ ಇರುತ್ತದೆ, ತಾರೀಖೂ ಇರುತ್ತದೆ. ಆದರೆ ನಿನ್ನೆ ನಮ್ಮ ಬಿಲ್ಡಿಂಗ್‌ನ ಟ್ಯಾಂಕ್ ತುಂಬಿ ಹರಿಯುವಾಗ ಓನರ್‌ಗೆ ಹೇಳುತ್ತಿದ್ದರು: "ಮೋಟರ್ ತಾನೆ? ನಾನೂ ಕೆಳಗಿನ ಮನೆ ಸಾರೂ ನೋಡ್ಕೋತೀವಿ ಬಿಡಿ."