ಜಮದೆನಾಸ!

ಮಣಿಕಟ್ಟು ನೋಯುತ್ತಿದೆ ಎಂದದ್ದಕ್ಕೆ ಗೆಳೆಯ, "ಕೀಬೋರ್ಡ್ ವಿನ್ಯಾಸ ಬದಲಾಯಿಸು" ಎಂದ. ಹುಡುಗಿ ನೋಡಿದಂತೆ ಎರಡು ಸಂಬಂಧ ತಂದ.

ಮೊದಲನೆಯದು ಡ್ವೋರಾಕ್, 1936ರ ಪೇಟೆಂಟಿನ ಹಳೇ ಮನೆತನ. ಸ್ವರಗಳೆಲ್ಲ ಎಡಗೈಯ ನಡುಸಾಲಿನಲ್ಲಿ. ಆದರೆ ಎ, ಎಂ ಬಿಟ್ಟು ಉಳಿದ ಅಕ್ಷರಗಳೆಲ್ಲ ಗುಳೆ ಹೋಗಿವೆ. ಕಾಪಿ-ಪೇಸ್ಟಿನ ಸಿ, ವಿ ಬಲಗೈ ಕಡೆ. ಬಲಗೈಯಲ್ಲಿ ಮೌಸ್ ಹಿಡಿದು ಎಡಗೈಯಲ್ಲೇ ಬದುಕುವ ನನಗೆ ಹೊಂದಲಿಲ್ಲ.

ಎರಡನೆಯದು 2006ರ ಕೋಲ್ಮ್ಯಾಕ್. ಹದಿನೇಳೇ ಕೀಲಿ ಬದಲಾಗುತ್ತವೆ. ಝಡ್, ಎಕ್ಸ್, ಸಿ, ವಿ ಅಲ್ಲಲ್ಲೇ. ಒಪ್ಪಿದೆ. ಮೊದಲ ವಾರ ನಿಮಿಷಕ್ಕೆ ಎಂಟು ಪದ. ಆಫೀಸಿನ ಚಾಟ್‌ನಲ್ಲಿ "ಹೂಂ" ಅನ್ನುವಷ್ಟರಲ್ಲಿ ಮೀಟಿಂಗ್ ಮುಗಿದಿರುತ್ತಿತ್ತು. ಆರು ವಾರಕ್ಕೆ ನಲವತ್ತು ಮುಟ್ಟಿದೆ, ಮೊದಲಿದ್ದದ್ದು ಐವತ್ತೈದು!

ನಿಜವಾದ ಖರ್ಚು ಕಂಡದ್ದು ಕನ್ನಡಕ್ಕೆ ಬಂದಾಗ. ನನ್ನ ಗಣಕದಲ್ಲಿ ಕೆ.ಪಿ. ರಾವ್ ವಿನ್ಯಾಸ ಕೂತಿರುವುದು ಹಳೇ ಕ್ವರ್ಟಿಯ ಕೀಲಿಗಳ ಮೇಲೆ. ಕನ್ನಡಕ್ಕೆ ಬದಲಿಸಿದೊಡನೆ ಕೀಲಿಗಳು ತವರಿಗೆ ಹೋಗುತ್ತವೆ, ಬೆರಳುಗಳು ಮಾತ್ರ ಕೋಲ್ಮ್ಯಾಕ್‌ನಲ್ಲೇ ಉಳಿಯುತ್ತವೆ. ಎನ್ ಎಂದು ಒತ್ತಿದ್ದು ಜೆ, ಕೆ ಎಂದು ಒತ್ತಿದ್ದು ಎನ್. ಮಾವನವರಿಗೆ "ನಮಸ್ಕಾರ" ಕಳಿಸಿದರೆ ಹೋದದ್ದು "ಜಮದೆನಾಸ". ಅವರು ಮಗಳಿಗೆ ಫೋನು ಮಾಡಿ, "ಅಳಿಯಂದಿರಿಗೆ ಆರೋಗ್ಯ ತಾನೇ?" ಎಂದರಂತೆ.

ಬರೀ ಇಂಗ್ಲಿಷ್ ಟೈಪಿಸುವವರಾದರೆ ಕೋಲ್ಮ್ಯಾಕ್ ಕಲಿಯಿರಿ. ನಾನು ಕ್ವರ್ಟಿಗೆ ಮರಳಿದ್ದೇನೆ. ಮಣಿಕಟ್ಟಿನ ನೋವು ಕುರ್ಚಿ ಎತ್ತರಿಸಿದ ಮೇಲೆ ಹೋಯಿತು.