ಉಗ್ರಾಣದ ಚಿಗವ್ವ

ನಮ್ಮ ಕಡೆ ಮದುವೆ ಯಾರ ಮನೆಯದೇ ಇರಲಿ, ಉಗ್ರಾಣದ ಕೀಲಿಕೈ ಮಾತ್ರ ಒಬ್ಬರ ಸೊಂಟದಲ್ಲೇ ಇರುತ್ತದೆ. ಅಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಅವರು ಅಕ್ಷತೆಗೆ ಬರುವುದಿಲ್ಲ, ಫೋಟೊಕ್ಕೆ ನಿಲ್ಲುವುದಿಲ್ಲ, ಕೊನೆಯ ಪಂಕ್ತಿಗೆ ಬಂದು ಉಣ್ಣುತ್ತಾರೆ. ಎಷ್ಟು ಬುಟ್ಟಿ ಬುಂದಿ ಹೊರಗೆ ಹೋಯಿತು, ಎಷ್ಟು ಬುಟ್ಟಿ ಖಾಲಿಯಾಗಿ ಬಂತು, ಬೀಗರ ಕಡೆಯ ಯಾವ ಹುಡುಗ ‘ಅಜ್ಜಗ ಬೇಕಂತ್ರಿ’ ಎಂದು ಎರಡು ಸಲ ಬಂದ, ಇದೆಲ್ಲ ಅವರಿಗೆ ಬಾಯಿಪಾಠ. ಶಹಾಪುರ ತಾಲ್ಲೂಕಿನ ಶಿರವಾಳದಲ್ಲಿ ಈ ಹುದ್ದೆ ಚಿಗವ್ವನದು. ಆಕೆ ಯಾರ ಸ್ವಂತ ಚಿಗವ್ವ ಎಂಬುದು ಈಗ ಯಾರಿಗೂ ನೆನಪಿಲ್ಲ. ಊರೆಲ್ಲ ಹಾಗೇ ಕರೆಯುತ್ತದೆ, ಆಕೆಗಿಂತ ಹಿರಿಯರೂ ಸೇರಿ.

ಶಿರವಾಳ ಹಳೆಯ ಕಲ್ಲಿನ ಗುಡಿಗಳಿಗೆ ಹೆಸರಾದ ಊರು. ಗುಡಿ ನೋಡಲು ಬಂದವರು ಎಷ್ಟು ಗುಡಿಗಳಿವೆ ಎಂದು ತಮ್ಮತಮ್ಮಲ್ಲೇ ವಾದ ಹಾಕುವುದನ್ನು ಕೇಳಿ ಚಿಗವ್ವ ಒಮ್ಮೆ ಅಂದಳಂತೆ: “ಒಬ್ಬ ಎಣಿಸಬೇಕು, ಇನ್ನೊಬ್ಬ ತಪಾಸ ಮಾಡಬೇಕು. ಇಬ್ಬರೂ ಕೂಡೇ ಎಣಿಸಿದ್ರ ಹಿಂಗೇ ಆಗ್ತದ.”

ಈ ಮಾತು ಆಕೆಯ ಸಂಘದ ಹೆಣ್ಣುಮಕ್ಕಳಿಗೆ ಅರ್ಥವಾದದ್ದು ಪಂಚಮಿಯ ಆರ್ಡರ್ ಬಂದಾಗ. ಶ್ರಾವಣದಲ್ಲಿ ನಾಗರಪಂಚಮಿಗೆ ಮಗಳನ್ನು ತವರಿಗೆ ಕರೆಯುವುದು ನಮ್ಮಲ್ಲಿ ಹಳೆಯ ರೂಢಿ. ಬರಲಾಗದವಳಿಗೆ ಉಂಡಿ, ರೊಟ್ಟಿ, ಕೊಬ್ಬರಿ ಬಟ್ಟಲು, ಕುಬಸದ ಖಣ ಕಟ್ಟಿ ಅಣ್ಣತಮ್ಮಂದಿರು ಒಯ್ದುಕೊಡುತ್ತಿದ್ದರು. ಈಗ ಮಗಳು ಬೆಂಗಳೂರಿನಲ್ಲಿ, ಅಣ್ಣ ಪುಣೆಯಲ್ಲಿ, ಉಂಡಿ ಕಟ್ಟುವ ಅವ್ವನಿಗೆ ಮೊಣಕಾಲು ನೋವು. ಹಾಗಾಗಿ ಅದೇ ಬುತ್ತಿ ರಟ್ಟಿನ ಡಬ್ಬಿಯೊಳಗೆ ಹೊಕ್ಕು, ‘ಪಂಚಮಿ ಗಿಫ್ಟ್ ಹ್ಯಾಂಪರ್’ ಎಂಬ ಹೆಸರಿಟ್ಟುಕೊಂಡು ರಾತ್ರಿ ಬಸ್ಸು ಹತ್ತುತ್ತದೆ. ಆ ಸಲದ ಆರ್ಡರ್ ನಲವತ್ತು ಡಬ್ಬಿ.

ಆರ್ಡರ್ ಕೊಟ್ಟವರು ಐದು ಬಗೆಯ ಉಂಡಿ, ಬಗೆಗೆ ನಾಲ್ಕು ಎಂದು ಬರೆದಿದ್ದರು. ಚಿಗವ್ವ ಕಾಗದವನ್ನು ಹಿಂದೆ ತಳ್ಳಿದಳು. “ಉಡಿ ತುಂಬಲಾಕ ನಾಕು ಇಡತಾರೇನವ್ವ? ಐದು.” ಖರ್ಚು ಏರುತ್ತದೆ ಎಂದು ಲೆಕ್ಕ ಬರೆಯುವ ಹುಡುಗಿ ಗೋಳಾಡಿದಳು. ಆದರೆ ಐದು ಐದಲೆ ಇಪ್ಪತ್ತೈದು ಆದದ್ದರಿಂದ ಯಾರೂ ಎಣಿಸದ ಒಂದು ಲಾಭ ಸಿಕ್ಕಿತು. ರಟ್ಟಿನ ಪಟ್ಟಿಗಳನ್ನು ಅಡ್ಡ ಉದ್ದ ಸಿಗಿಸಿ ಇಪ್ಪತ್ತೈದು ಮನೆಗಳ ಒಂದು ಚೌಕ ಮಾಡಿದರು. ಒಂದೊಂದು ಸಾಲಿಗೆ ಒಂದೊಂದು ಬಗೆ: ಶೇಂಗಾ, ಡಾಣಿ, ಎಳ್ಳು, ರವಾ, ಬೇಸನ್. ಒಂದು ಉಂಡಿ ಕಡಿಮೆ ಬಿದ್ದರೆ ಮನೆ ಖಾಲಿ ಕಾಣುತ್ತದೆ, ಹೆಚ್ಚಿಗೆ ಇಡಲು ಜಾಗವೇ ಇಲ್ಲ. ಎಣಿಸುವ ಕೆಲಸ ಅರ್ಧ ರಟ್ಟೇ ಮಾಡುತ್ತದೆ. ಚಿಗವ್ವನಿಗೆ ಇದು ಅಷ್ಟು ಹಿಡಿಸಲಿಲ್ಲ. ತನ್ನ ನೌಕರಿಗೆ ರಟ್ಟು ಕೈಹಾಕಿತು ಎಂಬ ಅನುಮಾನ ಇದ್ದಿರಬೇಕು.

ನಲವತ್ತು ಡಬ್ಬಿಗೆ ಸಾವಿರ ಉಂಡಿ, ನಾಲ್ಕುನೂರು ಎಳ್ಳು ಹಚ್ಚಿದ ಸಜ್ಜಿ ಕಡಕ್ ರೊಟ್ಟಿ, ನಲವತ್ತು ಪೊಟ್ಟಣ ಶೇಂಗಾ ಚಟ್ನಿ, ಅಷ್ಟೇ ಜೋಳದ ಅಳ್ಳು, ಕೊಬ್ಬರಿ ಬಟ್ಟಲು, ಖಣ. ರೊಟ್ಟಿ ಮಾತ್ರ ನಲವತ್ತು ಹೆಚ್ಚು ಬಡಿಸಿದಳು, ಒಡೆಯುವ ಪಾಲು ಎಂದು. ಉಳಿದವರ ಯೋಚನೆ ಏನೆಂದರೆ ನಲವತ್ತೂ ಡಬ್ಬಿ ಹಾಸಿಬಿಡುವುದು, ಎಲ್ಲರೂ ಕೂಡಿ ತುಂಬಿಬಿಡುವುದು, ಸಂಜೆಗೆ ಮುಗಿಸಿ ಧಾರಾವಾಹಿ ನೋಡುವುದು. ಚಿಗವ್ವ ಹತ್ತೇ ಡಬ್ಬಿ ಹಾಸಿಸಿದಳು. ಹತ್ತು ಡಬ್ಬಿಗೆ ಬೇಕಾದಷ್ಟೇ ಸಾಮಾನು, ಅಂದರೆ ಬಗೆಗೆ ಐವತ್ತರಂತೆ ಉಂಡಿ, ಐದು ಪರಾತಗಳಲ್ಲಿ ಎಣಿಸಿ ತಂದಿಟ್ಟು ಉಗ್ರಾಣದ ಬಾಗಿಲು ಹಾಕಿದಳು. ಹತ್ತು ತುಂಬಿ, ಪರಾತ ಬರಿದಾಗಿ, ಮುಚ್ಚಳ ಬೀಳುವ ತನಕ ಮುಂದಿನ ಹತ್ತಕ್ಕೆ ಬಾಗಿಲು ತೆಗೆಯುವುದಿಲ್ಲ. ಕಡೆಗೆ ಒಂದು ಉಂಡಿ ಉಳಿದರೆ ನಲವತ್ತು ಡಬ್ಬಿ ಬಿಚ್ಚಬೇಕೋ ಹತ್ತು ಬಿಚ್ಚಬೇಕೋ ಎಂಬುದಷ್ಟೇ ಪ್ರಶ್ನೆ. ಕೇಳಿದರೆ ಸಣ್ಣ ವಿಷಯ, ಬಿಚ್ಚುವವರನ್ನು ಕೇಳಿ ನೋಡಿ.

ಟಿಕ್ ಹಾಕುವ ಚೀಟಿಯ ವಿಚಾರದಲ್ಲಿ ಆಕೆಯ ಕಾನೂನು ಇನ್ನೂ ಬಿಗಿ. ಡಬ್ಬಿಗೊಂದು ನಂಬರು, ನಂಬರಿಗೊಂದು ಚೀಟಿ. ತುಂಬಿದವಳು ಟಿಕ್ ಹಾಕುವಂತಿಲ್ಲ, ಎದುರು ಕೂತವಳು ನೋಡಿ ಹಾಕಬೇಕು. ಒಬ್ಬ ಸೊಸೆ ಬಹಳ ಚುರುಕು. ಕೆಲಸ ಶುರುವಾಗುವ ಮೊದಲೇ ಹತ್ತೂ ಚೀಟಿಗೆ ಎಲ್ಲ ಟಿಕ್ ಹಾಕಿ ಪಿನ್ನು ಹೊಡೆದು ಇಟ್ಟಿದ್ದಳು. ಚಿಗವ್ವ ಅವನ್ನು ಒಲೆಗೆ ಹಾಕಿ, “ನಿನ್ನ ಮದಿವ್ಯಾಗೂ ತಾಳಿ ಕಟ್ಟೂದರೊಳಗ ಊಟ ಮುಗಿಸಿದ್ರು” ಎಂದು ಹದಿನಾಲ್ಕು ವರ್ಷದ ಹಿಂದಿನ ಬಾಕಿಯನ್ನೂ ತೀರಿಸಿಕೊಂಡಳು.

ತುಂಬುವ ಕ್ರಮದಲ್ಲಿ ಆಕೆಯ ಜೊತೆ ವಾದಕ್ಕೆ ಇಳಿದವರಿಲ್ಲ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಕಡಕ್ ರೊಟ್ಟಿಗೆ ವೈರಿ ಭಾರವಲ್ಲ, ಗಾಳಿಯ ತಂಪು. ಪ್ರತಿ ಹೊರೆಯಿಂದ ಒಂದು ಹೆಚ್ಚಿನ ರೊಟ್ಟಿ ತೆಗೆದು ಮುರಿಯುತ್ತಾಳೆ. ಚಟ್ಟೆಂದು ಮುರಿದರೆ ಸರಿ. ಬಾಗಿ ಆಮೇಲೆ ಹರಿದರೆ ಆ ಹೊರೆಯೆಲ್ಲ ಮತ್ತೆ ಸಣ್ಣ ಉರಿಯ ಹಂಚಿಗೆ. ಅಲ್ಲಿಂದ ಇಳಿದದ್ದು ಪೂರ್ತಿ ಆರಿದ ಮೇಲೇ ಹತ್ತರಂತೆ ಕವರಿಗೆ ಹೋಗಿ, ಬಾಯಿ ಸೀಲ್ ಆಗುತ್ತದೆ. ಬಿಸಿಯದನ್ನು ಕಟ್ಟಿದರೆ ಕವರಿನ ಒಳಗೆ ನೀರ ಹನಿ ಕೂಡುತ್ತದೆ, ಬೆಂಗಳೂರು ಮುಟ್ಟುವ ಹೊತ್ತಿಗೆ ರೊಟ್ಟಿ ಚಪಾತಿಯಾಗಿರುತ್ತದೆ. ಉಂಡಿಗೂ ಇದೇ ಮಾತು, ಅಲ್ಲಿ ಬೂಷ್ಟಿನ ಭಯ.

ರೊಟ್ಟಿ ಡಬ್ಬಿಯ ತಳಕ್ಕೆ, ಅಡ್ಡಡ್ಡ ಹಾಸಿದಂತೆ. ಅದರ ಮೇಲೆ ದಪ್ಪ ರಟ್ಟು, ರಟ್ಟಿನ ಮೇಲೆ ಉಂಡಿಯ ಚೌಕ. ಚಟ್ನಿಗೆ ಎರಡು ಕವರು. ಬೆಳ್ಳುಳ್ಳಿ ಹಾಕಿದ ಶೇಂಗಾ ಚಟ್ನಿಯನ್ನು ಒಂದೇ ಕವರಿನಲ್ಲಿಟ್ಟು ಒಂದು ರಾತ್ರಿ ಬಿಟ್ಟರೆ ರವಾ ಉಂಡಿಗೆ ಬೆಳ್ಳುಳ್ಳಿಯ ವಾಸನೆ ಹತ್ತುತ್ತದೆ, ಅದನ್ನು ತಿಂದ ಮಗಳು ಗಂಡನ ಮುಂದೆ ತವರಿನ ಮರ್ಯಾದೆ ಹೇಗೆ ಉಳಿಸಬೇಕು? ಸೀಲ್ ಮಾಡುವ ಅಂಚಿಗೆ ಚಟ್ನಿಯ ಪುಡಿ ಹತ್ತಿದ್ದರೆ ಅಂಟಿದಂತೆ ಕಾಣುತ್ತದೆ, ಅಂಟಿರುವುದಿಲ್ಲ. ಅದಕ್ಕೇ ಅಂಚನ್ನು ಒಣ ಬಟ್ಟೆಯಿಂದ ಒರೆಸಿ ಸೀಲ್ ಹೊಡೆದು, ಪೊಟ್ಟಣವನ್ನು ಕಿವಿಯ ಹತ್ತಿರ ಹಿಡಿದು ಒತ್ತುತ್ತಾಳೆ. ಸುಸ್ ಎಂದರೆ ಹೊರಗೆ. ಅಳ್ಳಿನ ಪೊಟ್ಟಣದೊಳಗೆ ಬೇಕೆಂದೇ ಗಾಳಿ ಬಿಟ್ಟು ಸೀಲ್ ಮಾಡಿ ಉಂಡಿಯ ಮೇಲೆ ಮಲಗಿಸುತ್ತಾಳೆ, ಮುಚ್ಚಳದ ಏಟು ಅದರ ಮೇಲೆ ಹೋಗಲಿ ಎಂದು. ಖಣ ಎಲ್ಲದರ ಮೇಲೆ.

ಆಮೇಲೆ ತೂಕ. ಮೊದಲ ಡಬ್ಬಿಯನ್ನು ಆಕೆಯೇ ಕೈಯಾರೆ ಎಣಿಸಿ ತುಂಬಿ ತಕ್ಕಡಿಗಿಟ್ಟಳು. ಸರಿಯಾಗಿ ಎರಡು ಕಿಲೋ. ಕೈಯಿಂದ ಕಟ್ಟಿದ ಉಂಡಿ ಎಲ್ಲ ಒಂದೇ ತೂಕ ಇರುವುದಿಲ್ಲವಾದ್ದರಿಂದ ಆಚೆ ಈಚೆ ಅರವತ್ತು ಗ್ರಾಂ ಮಾಫಿ. ಲೆಕ್ಕ ಬರೆಯುವ ಹುಡುಗಿಗೆ ಖುಷಿಯೋ ಖುಷಿ: “ಹಂಗಾದ್ರ ಎಣಿಸೂದೇ ಬ್ಯಾಡ ಚಿಗವ್ವ, ತೂಗಿದ್ರ ಸಾಕು.” ಚಿಗವ್ವ ಮಾತಾಡದೆ ಡಬ್ಬಿಯಿಂದ ಒಂದು ಉಂಡಿ ತೆಗೆದು ಮತ್ತೆ ತೂಗಿದಳು. ಮೂವತ್ತಾರು ಗ್ರಾಂ ಕಡಿಮೆ. ಮಾಫಿಯೊಳಗೇ ಬಂತು. ಒಂದು ರೊಟ್ಟಿ ತೆಗೆದಳು, ಅದೂ ಅಷ್ಟೇ. ಇನ್ನೂರು ಗ್ರಾಂ ಚಟ್ನಿ ತೆಗೆದಾಗ ಮಾತ್ರ ತಕ್ಕಡಿ ಚೀರಿತು. ದೊಡ್ಡ ಕಳವು ತಕ್ಕಡಿ ಹಿಡಿಯುತ್ತದೆ, ಸಣ್ಣ ಕಳವಿಗೆ ಚಿಗವ್ವನೇ ಬೇಕು. ಎಪ್ಪತ್ತು ಗ್ರಾಮಿನ ಖಣ ನಡುವೆ ನಿಂತ ಸಂಶಯದ ಆಸಾಮಿ: ಉಂಡಿ ತುಸು ದಪ್ಪ ಇದ್ದರೆ ಅದರ ಗೈರುಹಾಜರಿ ಮುಚ್ಚಿಹೋಗುತ್ತದೆ. ಮುಚ್ಚಳ ಹಾಕುವ ಕಡೆಯ ಗಳಿಗೆಯ ತನಕ ಅದು ಕಣ್ಣಿಗೆ ಬೀಳುತ್ತಿರಲಿ ಎಂದೇ ಅದಕ್ಕೆ ಮೇಲಿನ ಜಾಗ.

ಎರಡು ಹತ್ತು ಸರಾಗವಾಗಿ ಮುಗಿದವು. ಮೂರನೆಯ ಹತ್ತು ತುಂಬಿದಾಗ ಕತ್ತಲಾಗಿತ್ತು, ಪಡಸಾಲೆಗೆ ಒಂದೇ ಬಲ್ಬು. ಆ ಹತ್ತರ ಕಡೆಯ ಡಬ್ಬಿಯ ಡಾಣಿ ಸಾಲಿನಲ್ಲಿ ಒಂದು ಮನೆ ಖಾಲಿ, ಪರಾತವೂ ಖಾಲಿ. ಹನ್ನೊಂದು ಹೆಣ್ಣುಮಕ್ಕಳ ಇಪ್ಪತ್ತೆರಡು ಕಣ್ಣೂ ಮೂಲೆಯಲ್ಲಿದ್ದ ಚಿಗವ್ವನ ಮೊಮ್ಮಗನ ಕಡೆ ತಿರುಗಿದವು. ಅವನ ಬಾಯಿ ಆಡುತ್ತಿತ್ತು. “ಒಡೆದ ಪಾಲಿಂದು ಆಯೀ, ಖರೇ” ಎಂದು ಅಳು ತೆಗೆದ. ಯಾರೂ ನಂಬಲಿಲ್ಲ. ಇನ್ನೊಂದು ಡಾಣಿ ಉಂಡಿ ಕೊಟ್ಟು ಮುಗಿಸಿಬಿಡು ಎಂದರು.

ಚಿಗವ್ವ ಉಳಿದ ನಾಲ್ಕು ಪರಾತ ನೋಡಿದಳು. ಶೇಂಗಾದ ಪರಾತದಲ್ಲಿ ಒಂದು ಉಂಡಿ ಕೂತಿತ್ತು. ಡಾಣಿ ಒಂದು ಕಡಿಮೆ, ಶೇಂಗಾ ಒಂದು ಹೆಚ್ಚು. ಹುಡುಗ ತಿಂದಿದ್ದರೆ ಡಾಣಿ ಕಡಿಮೆ ಆಗಬೇಕಿತ್ತು, ಶೇಂಗಾ ಹೆಚ್ಚಾಗಲು ಕಾರಣವಿರಲಿಲ್ಲ. ಎರಡೂ ಬೆಲ್ಲದ ಪಾಕದ ಉಂಡಿ, ಮಂದ ಬೆಳಕಿನಲ್ಲಿ ಅಣ್ಣತಮ್ಮಂದಿರಂತೆ ಕಾಣುತ್ತವೆ. ಯಾವುದೋ ಡಬ್ಬಿಯ ಶೇಂಗಾ ಸಾಲಿನಲ್ಲಿ ಒಂದು ಡಾಣಿ ಉಂಡಿ ಕೂತಿದೆ ಎಂದಾಯಿತು. ಮನೆ ಎಲ್ಲ ತುಂಬಿದೆ, ಆದ್ದರಿಂದ ರಟ್ಟಿಗೆ ಗೊತ್ತಾಗಲಿಲ್ಲ. ತೂಕ ಒಂದೇ, ಆದ್ದರಿಂದ ತಕ್ಕಡಿಗೂ ಗೊತ್ತಾಗಲಿಲ್ಲ. ಆ ಹತ್ತು ಡಬ್ಬಿಯ ಮುಚ್ಚಳ ತೆಗೆದು, ಸಾಲಿನ ಮೇಲೆ ಮೊಬೈಲಿನ ಬ್ಯಾಟರಿ ಹಿಡಿದು ನೋಡುತ್ತ ಹೋದರು. ಇಪ್ಪತ್ತಾರನೆಯ ನಂಬರಿನಲ್ಲಿ ಸಿಕ್ಕಿತು. ಅದಲುಬದಲು ಮಾಡಿ ಕಡೆಯ ಡಬ್ಬಿಯ ಖಾಲಿ ಮನೆ ತುಂಬಿದರು. ಚೀಟಿಯಲ್ಲಿ ಟಿಕ್ ಹಾಕಿದವಳ ಹೆಸರನ್ನು ಚಿಗವ್ವ ಗಟ್ಟಿಯಾಗಿ ಓದಲಿಲ್ಲ. ಎಲ್ಲರೂ ಬಗ್ಗಿ ಓದಿಕೊಂಡರು. ಮೊಮ್ಮಗನಿಗೆ ಪರಿಹಾರವಾಗಿ ಏನಾದರೂ ಸಿಗಬಹುದು ಎಂದು ನಾನು ಎಣಿಸಿದ್ದೆ. ಒಡೆದ ಪಾಲಿನಿಂದ ಎಷ್ಟು ತಿಂದೆ ಎಂದು ಕೇಳಿ ಅದನ್ನೂ ಬರೆಸಿದಳು.

ಕಡೆಯ ಹತ್ತಕ್ಕೆ ಇನ್ನೊಂದು ಬಲ್ಬು ಬಂತು, ಡಾಣಿ ಮತ್ತು ಶೇಂಗಾ ಪರಾತಗಳು ಪಡಸಾಲೆಯ ಎರಡು ತುದಿಗೆ ಹೋದವು, ಎರಡು ಸಾಲುಗಳ ನಡುವೆ ಬಿಳಿಯ ರವಾ ಸಾಲು ಬಂತು. ಮುಚ್ಚಿದ ಪ್ರತಿ ಡಬ್ಬಿಯನ್ನು ಚಿಗವ್ವ ಎತ್ತಿ ನಿಧಾನವಾಗಿ ಓರೆ ಮಾಡಿ ಕೇಳಿದಳು. ಒಳಗೆ ಏನಾದರೂ ಗುಡುಗುಟ್ಟಿದರೆ ತೆಗೆದು ಸಂದಿಗೆ ಕಾಗದ ತುರುಕಿಸುವುದು. ಹೊರಗಡೆ ಲೇಬಲ್ಲು: ಹಸಿರು ಚುಕ್ಕಿ, ಹದಿನಾಲ್ಕು ಅಂಕಿಯ ಆಹಾರ ಪರವಾನಗಿ ನಂಬರು, ಮಾಡಿದ ದಿನ, ಶೇಂಗಾ ಇದೆ ಎಂಬ ಸಾಲು. ಶೇಂಗಾ ಆಗಿಬರದವರು ಇರುತ್ತಾರೆ ಎಂದು ಹುಡುಗಿ ಹೇಳಿದ್ದಕ್ಕೆ ಚಿಗವ್ವ ನಂಬಲಾರದೆ, “ಶೇಂಗಾ ಆಗಂಗಿಲ್ಲಂದ್ರ ಅವರು ಉಣ್ಣೂದಾದ್ರೂ ಏನು?” ಎಂದಳು. ಆದರೂ ನಲವತ್ತರಲ್ಲೂ ಆ ಸಾಲು ಇದೆಯೋ ಎಂದು ಬೆರಳಿಟ್ಟು ನೋಡಿದಳು.

ಪಂಚಮಿಯ ಮಾರನೆಯ ದಿನ ಬೆಂಗಳೂರಿನಿಂದ ಒಬ್ಬ ಮಗಳು ಫೋನು ಮಾಡಿದಳು. ಸ್ಪೀಕರಿಗೆ ಹಾಕಿದರು.

“ಚಿಗವ್ವ, ಎಲ್ಲಾ ಬರೋಬ್ಬರಿ ಬಂದಾವ. ಒಂದೂ ಒಡದಿಲ್ಲ, ಒಂದೂ ಕಡಿಮಿ ಇಲ್ಲ.”

“ಉಂಡಿ ಎಣಿಸಿದೇನು?”

“ಎಲ್ಲಿ ಎಣಿಸ್ಲಿ, ಡಬ್ಬಿ ತೆಗದಿದ್ದೇ ತಡ ಹುಡುಗ್ರು ಬಿದ್ದು ತಿಂದಾವ.”

“ಮತ್ತ ಕಡಿಮಿ ಇಲ್ಲಂತ ಹೆಂಗ ಹೇಳ್ತಿ?” ಎಂದ ಚಿಗವ್ವ ಚೀಟಿಯ ಕಟ್ಟು ಬಿಚ್ಚಿದಳು. “ನಿಂದು ಎಷ್ಟನೇ ನಂಬರ ಹೇಳು.”