ಕೊನೆಯ ನಾಲ್ಕು ಕಾಳು

ಪಾಪ್‌ಕಾರ್ನ್ ಮಾಡುವುದೂ ಒಂದು ಅಡುಗೆಯೇ ಎಂದು ನಮ್ಮ ಮನೆಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಒಪ್ಪುವುದಿಲ್ಲ. ಹೆಂಡತಿಯ ಮಟ್ಟಿಗೆ ಅದು ಭಾನುವಾರ ಸಂಜೆ ಗಂಡಸರಿಗೆ ಕೊಟ್ಟು ಕೂರಿಸಬಹುದಾದ ಕೆಲಸ, ಮಕ್ಕಳಿಗೆ ಶಬ್ದ ಬರುವ ಆಟ. ಧಾರವಾಡದ ಕಡೆಯಿಂದ ಬಂದಿರುವ ನಮ್ಮ ಅತ್ತೆಯವರ ಪಾಲಿಗಂತೂ ಅದು ಅಳ್ಳು ಹುರಿಯಲು ಬಾರದವರು ಮಾಡಿಕೊಂಡ ಅಡ್ಡದಾರಿ. ಪಂಚಮಿಗೆ ಜೋಳದ ಅಳ್ಳು ಹುರಿದ ಕೈ ಅವರದು. ನಾನು ಒಲೆ ಹಚ್ಚಿದ ಕೂಡಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ.

ನಾನು ಬಳಸುವುದು ದಪ್ಪ ತಳದ, 5 ಲೀಟರಿನ ಹಳೆಯ ಕುಕ್ಕರ್. ಅದರ ಮುಚ್ಚಳ, ವಿಷಲ್, ಗ್ಯಾಸ್ಕೆಟ್ ಯಾವುದೂ ಇದಕ್ಕೆ ಬೇಡ. ಮೇಲೆ ಒಂದು ತಟ್ಟೆ ಸಾಕು, ಅದೂ ಒಂದು ಕಡೆ ಬೆರಳಷ್ಟು ಸಂದಿ ಬಿಟ್ಟು. ಪ್ರತಿ ಕಾಳೂ ಸಿಡಿಯುವಾಗ ಆವಿ ಬಿಡುತ್ತದೆ. ಆ ಆವಿಗೆ ಹೊರದಾರಿ ಇಲ್ಲದಿದ್ದರೆ ಅರಳಿದ್ದೆಲ್ಲ ಅದನ್ನೇ ಮತ್ತೆ ಕುಡಿದು ಮೆತ್ತಗಾಗಿ, ಹಲ್ಲಿಗೆ ರಬ್ಬರಿನಂತೆ ಸಿಗುತ್ತದೆ. ತೆಳು ಪಾತ್ರೆ ನನಗಾಗದು. ಅದರಲ್ಲಿ ಉರಿ ತಗಲುವ ಕಡೆ ಕಾಳು ಕಪ್ಪಾಗುವ ಹೊತ್ತಿಗೆ ಅಂಚಿನಲ್ಲಿರುವವು ಇನ್ನೂ ಬೆಚ್ಚಗಾಗುತ್ತಿರುತ್ತವೆ. ದಪ್ಪ ತಳ ಬಿಸಿಯನ್ನು ಎಲ್ಲ ಕಡೆಗೂ ಸಮನಾಗಿ ಹಂಚುತ್ತದೆ.

ಮೂರು ದೊಡ್ಡ ಚಮಚ ಕಡಲೆಕಾಯಿ ಎಣ್ಣೆ, ಅರ್ಧ ಕಪ್ ಕಾಳು. ಎಣ್ಣೆ ತಳವನ್ನು ಮುಚ್ಚಬೇಕು, ಕಾಳುಗಳು ಒಂದರ ಮೇಲೊಂದು ಕೂರದೆ ಒಂದೇ ಪದರವಾಗಿ ಹರಡಬೇಕು. ಅರ್ಧ ಕಪ್ ತೀರಾ ಕಡಿಮೆಯಾಯಿತೆಂದು ಮಕ್ಕಳು ಪ್ರತಿ ಸಲವೂ ಗಲಾಟೆ ಮಾಡುತ್ತಾರೆ. ಅಷ್ಟೇ ಅರಳಿ ಕುಕ್ಕರಿನ ಕುತ್ತಿಗೆವರೆಗೆ ಬರುತ್ತದೆ, ಇನ್ನೊಂದು ಹಿಡಿ ಹಾಕಿದರೆ ತಟ್ಟೆಯನ್ನೇ ಎತ್ತಿಕೊಂಡು ಒಲೆಯ ಮೇಲೆ ಇಳಿಯುತ್ತದೆ. ಎಣ್ಣೆಯ ಬದಲು ತುಪ್ಪವಾದರೂ ನಡೆಯುತ್ತದೆ. ಬೆಣ್ಣೆ ಮಾತ್ರ ಈ ಹಂತದಲ್ಲಿ ಬೇಡ. ಅದರಲ್ಲಿ ಉಳಿದಿರುವ ಹಾಲಿನ ಅಂಶ ಕಾಳು ಅರಳುವ ಮೊದಲೇ ಸೀದುಹೋಗುತ್ತದೆ. ಬೇಕಿದ್ದವರು ಆಮೇಲೆ ಕರಗಿಸಿ ಸುರಿದುಕೊಳ್ಳಲಿ.

ಮೊದಲು ಎಣ್ಣೆಗೆ ಮೂರೇ ಕಾಳು ಹಾಕಿ ತಟ್ಟೆ ಮುಚ್ಚುತ್ತೇನೆ. ಅತ್ತೆಯವರಿಗೆ ಇದು ಅರ್ಥವಾಗುವುದಿಲ್ಲ.

"ಇದೇನ್ರಿ ಅಳಿಯಂದ್ರ, ಮೂರ ಕಾಳಿಗೆ ಇಷ್ಟ ದೊಡ್ಡ ಭಾಂಡೆ?"

ಆ ಮೂರೂ ನನ್ನ ಥರ್ಮಾಮೀಟರ್. ಕಾಳಿನ ಒಳಗೆ ನೂರಕ್ಕೆ ಹದಿಮೂರು-ಹದಿನಾಲ್ಕು ಪಾಲು ನೀರಿರುತ್ತದೆ. ಅದರ ಸಿಪ್ಪೆ ಮಹಾ ಗಟ್ಟಿ, ನೀರು ಆವಿಯಾದರೂ ಹೊರಗೆ ಬಿಡುವುದಿಲ್ಲ. ಸುಮಾರು 180 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ತಡೆದುಕೊಂಡು, ಆಮೇಲೆ ಒಮ್ಮೆಲೇ ಬಿರಿಯುತ್ತದೆ. ಒಳಗೆ ಬೆಂದು ಮೆತ್ತಗಾಗಿದ್ದ ಪಿಷ್ಟ ಹೊರಗೆ ನುಗ್ಗಿ, ಉಬ್ಬಿ, ಆರಿ ಗಟ್ಟಿಯಾಗುತ್ತದೆ. 2015ರಲ್ಲಿ ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು ಇದನ್ನು ವೇಗದ ಕ್ಯಾಮೆರಾದಲ್ಲಿ ಹಿಡಿದು ನೋಡಿದರು. 'ಪಟ್' ಎಂಬ ಸದ್ದು ಸಿಪ್ಪೆ ಒಡೆದದ್ದಲ್ಲ, ಒಳಗಿದ್ದ ಆವಿ ಹೊರಗೆ ನುಗ್ಗಿದ್ದು ಎಂಬುದು ಅವರ ತೀರ್ಮಾನ. ಪಾಪ್‌ಕಾರ್ನಿನ ಮುಂದೆ ಕೂತು ಸಂಬಳ ಎಣಿಸಿದ ಅವರ ಬಗ್ಗೆ ನನಗೆ ಗೌರವಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚು.

ಮೂರೂ ಸಿಡಿದವೆಂದರೆ ಎಣ್ಣೆ ಹದಕ್ಕೆ ಬಂತು. ಆಗ ಕುಕ್ಕರನ್ನು ಒಲೆಯಿಂದ ಕೆಳಗಿಳಿಸಿ, ಉಳಿದ ಕಾಳನ್ನೆಲ್ಲ ಸುರಿದು, ಮೂವತ್ತರವರೆಗೆ ಎಣಿಸುತ್ತೇನೆ. ಈ ಇಳಿಸುವುದೇ ಇಡೀ ಕೆಲಸದ ಗುಟ್ಟು. ಒಲೆಯ ಮೇಲೇ ಬಿಟ್ಟರೆ ಮೊದಲು ಕಾದ ಕಾಳು ಮೊದಲು ಅರಳಿ, ಹಿಂದುಳಿದವು ಅರಳುವವರೆಗೂ ಕಾದು ಕರಕಲಾಗುತ್ತದೆ. ಕೆಳಗಿಟ್ಟು ಕಾದರೆ ಎಲ್ಲ ಕಾಳೂ ಹೆಚ್ಚುಕಡಿಮೆ ಒಂದೇ ಬಿಸಿಗೆ ಬಂದು ನಿಲ್ಲುತ್ತವೆ. ಮತ್ತೆ ಉರಿಗೆ ಏರಿಸಿದಾಗ ಒಟ್ಟಿಗೇ ಎದ್ದುಬಿಡುತ್ತವೆ.

ನಾನು ಎಣಿಸುವ ಆ ಅರ್ಧ ನಿಮಿಷದಲ್ಲೇ ಮನೆಯವರಿಗೆಲ್ಲ ನನ್ನೊಂದಿಗೆ ಮಾತಾಡಬೇಕೆನಿಸುತ್ತದೆ. ಹದಿನೇಳಕ್ಕೆ ಬಂದಾಗ ಹೆಂಡತಿ "ರೀ, ಹಾಲಿನವನಿಗೆ ಎಷ್ಟು ಕೊಡಬೇಕು?" ಎನ್ನುತ್ತಾಳೆ. ಇಪ್ಪತ್ತೆರಡು ಎಂದರೆ ಲೆಕ್ಕ ಎರಡೂ ಕಡೆ ಕೆಡುತ್ತದೆ.

ಉರಿಗೆ ಏರಿದ ಮೇಲೆ ಅಲ್ಲಾಡಿಸುವ ಕೆಲಸ. ಬಟ್ಟೆಯಲ್ಲಿ ಎರಡೂ ಹಿಡಿ ಹಿಡಿದು, ತಟ್ಟೆಯನ್ನು ಹೆಬ್ಬೆರಳುಗಳಿಂದ ಒತ್ತಿಕೊಂಡು, ಒಲೆಯ ಮೇಲೇ ಹಿಂದೆ ಮುಂದೆ ಸರಿಸುತ್ತಿರಬೇಕು. ಅರಳಿದ್ದು ಹಗುರ, ಮೇಲೆ ಹೋಗುತ್ತದೆ. ಅರಳದ ಕಾಳು ಭಾರ, ಅಲ್ಲಾಡಿಸಿದರೆ ಸಂದಿಯಲ್ಲಿ ಜಾರಿ ತಳದ ಎಣ್ಣೆಗೆ ಇಳಿಯುತ್ತದೆ. ಯಾರು ಮೇಲೆ, ಯಾರು ಕೆಳಗೆ ಎಂಬುದನ್ನು ಅವೇ ನಿರ್ಧರಿಸಿಕೊಳ್ಳುತ್ತವೆ, ನನ್ನ ಪಾಲಿಗೆ ತೋಳುನೋವು ಮಾತ್ರ.

ಈಗ ಕಣ್ಣಿಗೆ ಕೆಲಸವಿಲ್ಲ, ಎಲ್ಲವೂ ಕಿವಿಯದೇ. ಮೊದಲು ಒಂದೊಂದು, ಆಮೇಲೆ ಎಣಿಸಲಾಗದ ಚಟಪಟ, ನಂತರ ಮತ್ತೆ ಬಿಡಿ ಬಿಡಿ. ಒಂದು ಸಿಡಿತಕ್ಕೂ ಮುಂದಿನದಕ್ಕೂ ನಡುವೆ ಎರಡು ಸೆಕೆಂಡು ಬಿಡುವು ಬಂತೋ, ಒಲೆ ಆರಿಸಿ ತಕ್ಷಣ ಅಗಲವಾದ ಬೋಗುಣಿಗೆ ಸುರಿಯಬೇಕು. ಒಲೆ ಆರಿಸಿ ಪಾತ್ರೆಯಲ್ಲೇ ಬಿಟ್ಟರೆ ಪ್ರಯೋಜನವಿಲ್ಲ. ಯಾವ ದಪ್ಪ ತಳವನ್ನು ಇಷ್ಟು ಹೊತ್ತು ಹೊಗಳಿದೆನೋ ಅದು ಈಗ ಶತ್ರು. ಬೆಂಕಿ ಹೋದರೂ ಅದರ ಬಿಸಿ ಹೋಗುವುದಿಲ್ಲ, ತಳದವು ಸೀಯುತ್ತಲೇ ಇರುತ್ತವೆ.

ನಮ್ಮ ಮನೆಯ ಕದನ ಶುರುವಾಗುವುದು ಸರಿಯಾಗಿ ಈ ಎರಡು ಸೆಕೆಂಡಿನಲ್ಲಿ.

"ಇಳಿಸಬೇಡಿ ರೀ, ಇನ್ನೂ ನಾಲ್ಕು ಕಾಳು ಸಿಡಿಯೋದಿದೆ."

"ನಾಲ್ಕಕ್ಕೋಸ್ಕರ ಉಳಿದದ್ದನ್ನೆಲ್ಲ ಸುಡಲಾ?"

"ದುಡ್ಡು ಕೊಟ್ಟು ತಂದದ್ದು."

ಆ ನಾಲ್ಕು ಕಾಳಿನ ಬೆಲೆ ಹತ್ತು ಪೈಸೆಯೂ ಇರಲಾರದು. ಆದರೆ ಈ ವಾದ ಬೆಲೆಯದ್ದಲ್ಲ, ತತ್ವದ್ದು. ಅವಳು ಹಟ ಹಿಡಿದ ದಿನ ಮೊದಲು ನಸುಹಳದಿ ಹೊಗೆ, ಆಮೇಲೆ ಕಹಿ ವಾಸನೆ. ಪಾಪ್‌ಕಾರ್ನಿನ ಕಹಿಗೆ ಮದ್ದಿಲ್ಲ. ಕಪ್ಪಾದವನ್ನು ಆರಿಸಿ ತೆಗೆದರೂ ಆ ಹೊಗೆಯನ್ನು ಕುಡಿದ ಬಿಳಿಯವೂ ಕಹಿಯೇ.

ಅಷ್ಟಕ್ಕೂ ಅರಳದೆ ಉಳಿಯುವ ಕಾಳುಗಳಲ್ಲಿ ಹೆಚ್ಚಿನವು ಎಷ್ಟು ಕಾಯಿಸಿದರೂ ಅರಳುವವಲ್ಲ. ಒಂದೋ ಸಿಪ್ಪೆ ಎಲ್ಲೋ ಬಿರುಕು ಬಿಟ್ಟು ಆವಿ ಸದ್ದಿಲ್ಲದೆ ಸೋರಿಹೋಗಿರುತ್ತದೆ, ಇಲ್ಲವೇ ಡಬ್ಬದಲ್ಲಿ ಕೂತು ಕೂತು ಒಳಗಿನ ನೀರು ಆರಿರುತ್ತದೆ. ಒಮ್ಮೆ ಊರಿನಿಂದ ನೆಂಟರೊಬ್ಬರು ಹೊಲದ ಗೋವಿನಜೋಳವನ್ನೇ ಚೀಲ ತುಂಬಿ ತಂದು, "ಅಂಗಡಿಯದ್ದು ಯಾಕೆ, ಇದನ್ನೇ ಸಿಡಿಸಿ" ಎಂದರು. ಅದು ಘಮ್ಮೆಂದು ಹುರಿಯಿತು, ಬಿರುಕು ಬಿಟ್ಟಿತು, ಅರಳಲಿಲ್ಲ. ಒತ್ತಡ ತಡೆಯುವ ಗಟ್ಟಿ ಸಿಪ್ಪೆ, ಗಾಜಿನಂಥ ಗಟ್ಟಿ ತಿರುಳು ಇರುವುದು ಪಾಪ್‌ಕಾರ್ನಿನ ತಳಿಗೇ. ನೆಂಟರು ಮಾತ್ರ ನಮ್ಮ ಬೆಂಗಳೂರಿನ ಗ್ಯಾಸನ್ನು ದೂರಿ ಹೋದರು.

ಹಳೆಯ ಕಾಳಿಗೆ ಉಪಾಯವಿದೆಯೆಂದು ಒಂದು ಭಾನುವಾರ ನಾನು ಗತ್ತಿನಿಂದ ಹೇಳತೊಡಗಿದೆ. ಮೂರು ಕಪ್ ಕಾಳನ್ನು ಬಾಟಲಿಗೆ ಹಾಕಿ, ಒಂದು ದೊಡ್ಡ ಚಮಚ ನೀರು ಬಿಟ್ಟು, ಮುಚ್ಚಳ ಬಿಗಿದು, ಆಗಾಗ ಕುಲುಕುತ್ತ ಎರಡು ಮೂರು ದಿನ ಇಟ್ಟರೆ ಕಾಳು ನೀರು ಹೀರಿಕೊಂಡು ಮತ್ತೆ ಸಿಡಿಯುತ್ತದೆ ಎಂದೆ. ಅತ್ತೆಯವರು ಕೇಳಿ, ಬೋಗುಣಿಯಿಂದ ಒಂದು ಹಿಡಿ ಎತ್ತಿಕೊಂಡರು.

"ಅಳ್ಳು ಹುರಿಯೋ ಮುಂದ ಜೋಳಕ್ಕ ನೀರು ಚುಮುಕಸ್ತಾರ ಅನ್ನೋದು ನಮ್ಮ ಅವ್ವಗೂ ಗೊತ್ತಿತ್ತ್ರಿ. ಉಪ್ಪು ಎಲ್ಲೈತಿ?"

ಉಪ್ಪು ಹಾಕಿದ್ದೆ. ಆದರೆ ಹರಳುಪ್ಪು ಅರಳಿಗೆ ಅಂಟದೆ ಬೋಗುಣಿಯ ತಳ ಸೇರಿತ್ತು. ಅವರು ಎದ್ದು ಮಿಕ್ಸಿಯಲ್ಲಿ ಒಂದು ಹಿಡಿ ಉಪ್ಪನ್ನು ಅರಿಸಿನದೊಂದಿಗೆ ನುಣ್ಣಗೆ ತಿರುವಿಕೊಂಡು ಬಂದು ಉದುರಿಸಿದರು. ಅಂದಿನಿಂದ ನಮ್ಮನೆಯ ಪಾಪ್‌ಕಾರ್ನ್ ಯಾರು ಮಾಡಿದ್ದು ಎಂದು ಕೇಳಿದರೆ ಮಕ್ಕಳು ಅಜ್ಜಿಯ ಹೆಸರು ಹೇಳುತ್ತಾರೆ.